ಅಶ್ವಗಂಧ: ಒತ್ತಡದ ವೇಷದಲ್ಲಿ ಬರುವ ಅಡ್ಡಪರಿಣಾಮ

ಹಿರೇಮದ್ದಿನ ಗಿಡದ ಬೇರಿನ ಪುಡಿಯನ್ನು ಹಾಲಿಗೆ ಬೆರೆಸಿ ಕುಡಿಯುವುದು ನಮ್ಮಲ್ಲಿ ಹಳೆಯ ರೂಢಿ. ಇಂದು ಮೆಡಿಕಲ್ ಶಾಪಿನಲ್ಲಿ ಸಿಗುವ ಅಶ್ವಗಂಧದ ಕ್ಯಾಪ್ಸೂಲ್ ಆ ಪುಡಿಯಲ್ಲ. ಡಬ್ಬಿಯ ಹಿಂಬದಿ ನೋಡಿದರೆ ಸಾಮಾನ್ಯವಾಗಿ ‘ಬೇರಿನ ಸಾರ 300 ಮಿಲಿಗ್ರಾಂ, ವಿಥನೊಲೈಡ್ ಶೇ 5’ ಎಂಬಂಥ ಸಾಲು ಇರುತ್ತದೆ. ಬೇರಿನ ಸಕ್ರಿಯ ಅಂಶವನ್ನು ಸಾಂದ್ರಗೊಳಿಸಿದ ಸರಕು ಇದು. ಹಾಗಾಗಿ ಹಾಲಿನ ಲೋಟದ ನೆನಪಿನಿಂದ ಇದನ್ನು ಅಳೆಯಬಾರದು.

ಒತ್ತಡಕ್ಕೆ ಇದು ಕೆಲಸ ಮಾಡುತ್ತದೆಯೇ? ಅತಿ ಹೆಚ್ಚು ಉಲ್ಲೇಖವಾಗುವುದು ಹೈದರಾಬಾದಿನ 2012ರ ಅಧ್ಯಯನ. 64 ಜನರಲ್ಲಿ ಅರ್ಧದಷ್ಟು ಮಂದಿ 60 ದಿನ, ದಿನಕ್ಕೆರಡು ಬಾರಿ 300 ಮಿಲಿಗ್ರಾಂ ಸಾರ ತೆಗೆದುಕೊಂಡರು, ಉಳಿದವರಿಗೆ ಹುಸಿಗುಳಿಗೆ. ಒತ್ತಡದ ಪ್ರಶ್ನಾವಳಿಯ ಅಂಕ ಅಶ್ವಗಂಧದ ಗುಂಪಿನಲ್ಲಿ ಶೇ 44ರಷ್ಟು ಇಳಿಯಿತು, ಹುಸಿಗುಳಿಗೆಯ ಗುಂಪಿನಲ್ಲಿ ಶೇ 5.5ರಷ್ಟು. ಅಂತರ ದೊಡ್ಡದೇ. ಆದರೆ ಇಂಥ ಪರೀಕ್ಷೆಗಳಲ್ಲಿ ಹುಸಿಗುಳಿಗೆ ನುಂಗಿದವರಿಗೂ ಸಾಮಾನ್ಯವಾಗಿ ಸಾಕಷ್ಟು ಹಗುರವೆನಿಸುತ್ತದೆ. ಇಲ್ಲಿ ಅವರಿಗೆ ಹೆಚ್ಚೇನೂ ಅನ್ನಿಸದಿರುವುದೇ ನನ್ನನ್ನು ತಡೆದು ನಿಲ್ಲಿಸುತ್ತದೆ. 60 ಜನರ ಮೇಲೆ ನಡೆದ 2019ರ ಇನ್ನೊಂದು ಪರೀಕ್ಷೆಯಲ್ಲಿ ಆತಂಕದ ಒಂದು ಅಳತೆಗೋಲಿನಲ್ಲಿ ವ್ಯತ್ಯಾಸ ಕಂಡಿತು; ಮತ್ತೊಂದರಲ್ಲಿ ಅದು ಖಚಿತವೆನ್ನುವಷ್ಟು ಇರಲಿಲ್ಲ. ಒಟ್ಟಾರೆ ನೋಡಿದರೆ ಒಂದೆರಡು ತಿಂಗಳ ಬಳಕೆಯಿಂದ ಕೆಲವರಿಗೆ ಒತ್ತಡ ಮಿತವಾಗಿ ಇಳಿಯಬಹುದು, ನಿದ್ರೆ ಸ್ವಲ್ಪ ಸುಧಾರಿಸಬಹುದು. ವರ್ಷಗಟ್ಟಲೆ ನುಂಗಿದರೆ ಕ್ಷೇಮವೆನ್ನಲು ಈ ಅಧ್ಯಯನಗಳು ಆಧಾರವಾಗುವುದಿಲ್ಲ.

ನನ್ನ ನಿಜವಾದ ತಕರಾರು ಇನ್ನೊಂದಿದೆ. ಇದರ ಅಡ್ಡಪರಿಣಾಮಗಳು ಮೊದಮೊದಲು ಒತ್ತಡದ ವೇಷದಲ್ಲೇ ಬರುತ್ತವೆ.

ಥೈರಾಯ್ಡ್ ಕೊರತೆಗೆ ದಿನವೂ 50 ಮೈಕ್ರೋಗ್ರಾಂ ಥೈರಾಕ್ಸಿನ್ ತೆಗೆದುಕೊಳ್ಳುವ ಒಬ್ಬ ಶಿಕ್ಷಕಿಯನ್ನು ಊಹಿಸಿಕೊಳ್ಳಿ. ಟಿಎಸ್‌ಎಚ್ ಹದದಲ್ಲಿದೆ. ಪರೀಕ್ಷೆಯ ಕಾಲದ ಒತ್ತಡಕ್ಕೆಂದು ಯಾರನ್ನೂ ಕೇಳದೆ ದಿನಕ್ಕೆ 600 ಮಿಲಿಗ್ರಾಂ ಅಶ್ವಗಂಧ ಶುರುಮಾಡುತ್ತಾರೆ. ಸೌಮ್ಯ ಥೈರಾಯ್ಡ್ ಕೊರತೆಯಿದ್ದ 50 ಜನರ ಮೇಲೆ ನಡೆದ 2018ರ ಪರೀಕ್ಷೆಯಲ್ಲಿ ಇದೇ ಪ್ರಮಾಣ ಎಂಟು ವಾರಗಳಲ್ಲಿ ಟಿ3, ಟಿ4 ಹಾರ್ಮೋನುಗಳನ್ನು ಏರಿಸಿ ಟಿಎಸ್‌ಎಚ್ ಇಳಿಸಿತ್ತು. ಅದನ್ನು ಲಾಭವೆಂದು ಜಾಹೀರಾತು ಹೇಳುತ್ತದೆ. ಆದರೆ ಮೊದಲೇ ಮಾತ್ರೆಯಿಂದ ಹದಕ್ಕೆ ಬಂದಿರುವ ಈ ಶಿಕ್ಷಕಿಯಲ್ಲಿ ಅದೇ ಏರಿಕೆ ಹೆಚ್ಚುವರಿಯಾಗುತ್ತದೆ. ಎದೆ ಡವಗುಡುತ್ತದೆ, ಕೈ ನಡುಗುತ್ತದೆ, ಬೆವರುತ್ತದೆ, ರಾತ್ರಿ ನಿದ್ರೆ ಹತ್ತುವುದಿಲ್ಲ. ಒತ್ತಡವೇ ಹೆಚ್ಚಾಯಿತೆಂದುಕೊಂಡು ಅವರು ಇನ್ನೊಂದು ಕ್ಯಾಪ್ಸೂಲ್ ಸೇರಿಸಿಕೊಳ್ಳುವುದು ಸಹಜ. ಸತ್ಯ ಹೇಳುವುದು ರಕ್ತಪರೀಕ್ಷೆ ಮಾತ್ರ. ಥೈರಾಯ್ಡ್ ಮೊದಲೇ ಅತಿಯಾಗಿ ಕೆಲಸ ಮಾಡುತ್ತಿರುವವರಂತೂ ಇದನ್ನು ಮುಟ್ಟಲೇಬಾರದು.

ಯಕೃತ್ತಿನ ತೊಂದರೆ ಅಪರೂಪ, ಆದರೆ ಹುಸಿಯಲ್ಲ. ಐಸ್‌ಲ್ಯಾಂಡ್ ಮತ್ತು ಅಮೆರಿಕದ ಐವರ ವಿವರ 2020ರಲ್ಲಿ ಪ್ರಕಟವಾಯಿತು. ಬಳಕೆ ಆರಂಭಿಸಿ 2ರಿಂದ 12 ವಾರಗಳೊಳಗೆ ಅವರಿಗೆ ಕಾಮಾಲೆ ಬಂದಿತ್ತು. ನಿಲ್ಲಿಸಿದ ಮೇಲೆ ಕೆಲವು ತಿಂಗಳಲ್ಲಿ ಯಕೃತ್ತು ಸರಿಹೋಯಿತು. 2023ರಲ್ಲಿ ಭಾರತದ ವೈದ್ಯರು ಪ್ರಕಟಿಸಿದ ಪ್ರಕರಣಗಳಲ್ಲಿ ಮೊದಲೇ ಯಕೃತ್ತಿನ ದೀರ್ಘ ಕಾಯಿಲೆಯಿದ್ದವರ ಪೈಕಿ ಸಾವುಗಳೂ ಆದವು. ಇಲ್ಲೂ ಆರಂಭ ಸುಸ್ತು, ಊಟ ಸೇರದಿರುವುದು, ವಾಕರಿಕೆ. ಕೆಲಸದ ದಣಿವೆಂದು ಯಾರಾದರೂ ತಳ್ಳಿಹಾಕಿಯಾರು. ಮೈತುಂಬ ತುರಿಕೆ, ಗಾಢ ಬಣ್ಣದ ಮೂತ್ರ, ಹಳದಿಗಟ್ಟಿದ ಕಣ್ಣು ಕಂಡರೆ ಅದೇ ದಿನ ಕ್ಯಾಪ್ಸೂಲ್ ನಿಲ್ಲಿಸಿ ಡಬ್ಬಿಯ ಸಮೇತ ವೈದ್ಯರ ಬಳಿ ಹೋಗಬೇಕು.

ಗರ್ಭಿಣಿಯರ ವಿಷಯದಲ್ಲಿ ಹೀಗೊಂದು ಮಾತಿದೆ: ಇಲಿಗಳ ಮೇಲಿನ ಒಂದು ಅಧ್ಯಯನದಲ್ಲಿ ಹಾನಿ ಕಾಣಲಿಲ್ಲವಲ್ಲ? ಇಲಿಯಲ್ಲಿ ಕಾಣದ್ದು ಹೆಣ್ಣುಮಕ್ಕಳಿಗೆ ಅಭಯವಾಗದು. ಗರ್ಭಪಾತದ ಶಂಕೆಯೂ ಸೇರಿದಂತೆ ಇಂಥ ಕಾರಣಗಳನ್ನು ಮುಂದಿಟ್ಟು ಡೆನ್ಮಾರ್ಕ್ 2023ರಲ್ಲಿ ಅಶ್ವಗಂಧವನ್ನೇ ನಿಷೇಧಿಸಿತು. ಅದು ತೀರಾ ಬಿಗಿಯಾಯಿತೆಂದು ವಾದಿಸಬಹುದು. ಗರ್ಭಿಣಿಯರ ಮಟ್ಟಿಗೆ ವಾದಕ್ಕೆ ಎಡೆಯಿಲ್ಲ. ಮುಟ್ಟು ತಡವಾದದ್ದನ್ನು ಒತ್ತಡದ ಲೆಕ್ಕಕ್ಕೆ ಹಾಕಿ ಕ್ಯಾಪ್ಸೂಲ್ ಮುಂದುವರಿಸುವುದು ಸುಲಭ. ಆದ್ದರಿಂದ ಮಗುವಿಗಾಗಿ ಪ್ರಯತ್ನಿಸುತ್ತಿರುವವರು ಮೊದಲೇ ಬಿಡಬೇಕು, ಹಾಲೂಡಿಸುವವರೂ ದೂರವಿರಬೇಕು.

ನನ್ನ ತೀರ್ಪು ಇಷ್ಟು. ಆರೋಗ್ಯವಂತ ವಯಸ್ಕರು ಎರಡು ತಿಂಗಳ ಗಡುವು ಹಾಕಿಕೊಂಡು ಬೇರಿನ ಸಾರವನ್ನೇ ಬಳಸಿ ನೋಡಬಹುದು. ಎಲೆ ಬೆರೆತ ಸರಕು ಬೇಡ. ಎಲೆ ಬಳಸಬೇಡಿ ಎಂದು ಆಯುಷ್ ಸಚಿವಾಲಯವೇ 2021ರಲ್ಲಿ ತಯಾರಕರಿಗೆ ಹೇಳಿದೆ. ಥೈರಾಯ್ಡ್ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಶುರುಮಾಡಬೇಡಿ. ಯಕೃತ್ತಿನ ಕಾಯಿಲೆಯವರಿಗೆ, ಗರ್ಭಿಣಿಯರಿಗೆ ಇದು ಬೇಡವೇ ಬೇಡ. ವೈದ್ಯರು ‘ಏನು ಮಾತ್ರೆ ತಗೋತೀರಿ?’ ಎಂದಾಗ ಅಶ್ವಗಂಧದ ಹೆಸರನ್ನೂ ಹೇಳಿ.