ಜೋಡಿ ಸೂಜಿಯ ಅಂಚು: ಉಬ್ಬು ಬೇರೆ, ಅಲೆ ಬೇರೆ

ಅಂಗಡಿಯ ಟೀ ಶರ್ಟಿನ ಕೆಳ ಅಂಚಿನಲ್ಲಿ ಕಾಣುವ ಎರಡು ಸಾಲು ಹೊಲಿಗೆ, ಗಾರ್ಮೆಂಟ್ ಕೆಲಸದವರು ಫ್ಲಾಟ್‌ಲಾಕ್ ಎಂದು ಕರೆಯುವ ಮಷಿನ್ನಿನದು. ಮನೆಯ ಝಿಗ್‌ಝಾಗ್ ಮಷಿನ್ನಿಗೆ ಜೋಡಿ ಸೂಜಿ ಸಿಕ್ಕಿಸಿದರೂ ಮೇಲ್ನೋಟಕ್ಕೆ ಅದೇ ಎರಡು ಸಾಲು ಬರುತ್ತದೆ. (ನೇರ ಹೊಲಿಗೆಯ ಹಳೆಯ ಕಪ್ಪು ಮಷಿನ್‌ಗಳಲ್ಲಿ ಪ್ರಯತ್ನಿಸಬೇಡಿ. ತಟ್ಟೆಯ ಒಂಟಿ ತೂತಿಗೆ ಬಡಿದು ಸೂಜಿ ಮುರಿಯುತ್ತದೆ.) ಬಟ್ಟೆ ತಿರುಗಿಸಿ ನೋಡಿದಾಗ ವ್ಯತ್ಯಾಸ ಗೊತ್ತಾಗುತ್ತದೆ. ಫ್ಲಾಟ್‌ಲಾಕಿನ ಅಡಿದಾರ ಸರಪಳಿಯಂತೆ ಸಡಿಲವಾಗಿ ಹೆಣೆದುಕೊಂಡಿರುತ್ತದೆ. ಜೋಡಿ ಸೂಜಿಯಲ್ಲಿ ಒಂದೇ ಬಾಬಿನ್ ದಾರ ಎರಡು ಸಾಲುಗಳ ನಡುವೆ ಅಂಕುಡೊಂಕಾಗಿ ಓಡಾಡುತ್ತದೆ. ಆ ದಾರ ಬಿಗಿಯಾದರೆ ಸಾಲುಗಳೆರಡನ್ನೂ ಹತ್ತಿರಕ್ಕೆ ಎಳೆಯುತ್ತದೆ, ನಡುವಿನ ಬಟ್ಟೆ ಗದ್ದೆಯ ಬದುವಿನಂತೆ ಮೇಲೇಳುತ್ತದೆ.

ಬನಿಯನ್ ಬಟ್ಟೆ ಹೊಲಿಯುವವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ: “ಟೆನ್ಷನ್ ಇಳಿಸಿ, ಅಡಿಗೆ ಪೇಪರ್ ಇಡಿ.” ಎರಡೂ ಸುಳ್ಳಲ್ಲ. ಆದರೆ ಉಬ್ಬಿಗೂ ಅಲೆಗೂ ಇದೇ ಮದ್ದೆಂದು ಹೇಳುವುದರಲ್ಲಿ ನನ್ನ ತಕರಾರಿದೆ. ಉಬ್ಬು ದಾರದಿಂದ ಬರುವುದು. ಅಲೆ ಬರುವುದು ಮಷಿನ್ನಿನ ಪಾದದಿಂದ: ಅಡಿಯ ಹಲ್ಲು ಕೆಳಪದರವನ್ನು ಮುಂದೆ ದೂಡುತ್ತಿರುವಾಗ ಮೇಲಿನ ಪಾದ ಬಟ್ಟೆಯನ್ನು ಒತ್ತಿ ಹಿಡಿಯುತ್ತದೆ. ಬಟ್ಟೆ ಹಿಗ್ಗುತ್ತದೆ, ಹಿಗ್ಗಿದ ಸ್ಥಿತಿಯಲ್ಲೇ ಹೊಲಿಗೆ ಬೀಳುತ್ತದೆ.

ಯಾವುದು ಯಾವುದೆಂದು ತಿಳಿಯಲು ಅಳತೆಪಟ್ಟಿ ಸಾಕು. ತೆಳುವಾದ ಹತ್ತಿ ಜೆರ್ಸಿಯ ಚೂರೊಂದನ್ನು ಮಡಿಚಿ, 20 ಸೆಂ.ಮೀ. ಗುರುತು ಹಾಕಿ ಹೊಲಿಯಿರಿ. 4 ಮಿ.ಮೀ. ಅಂತರದ ಸೂಜಿ, ಟೆನ್ಷನ್ 4, ಹೊಲಿಗೆ ಉದ್ದ 2.5 ಇದೆಯೆಂದುಕೊಳ್ಳಿ. ಗುರುತುಗಳ ನಡುವಿನ ಅಳತೆ ಈಗ 22 ಸೆಂ.ಮೀ. ಆಗಿದ್ದರೆ, ಟೆನ್ಷನ್ ಗುಂಡಿಯನ್ನು ಎಷ್ಟು ತಿರುಗಿಸಿದರೂ ಆ ಎರಡು ಸೆಂಟಿಮೀಟರ್ ಹಿಂದೆ ಬಾರದು. ಪಾದದ ಒತ್ತಡ ಇಳಿಸಬೇಕು, ಹೊಲಿಗೆ ಉದ್ದ 3ಕ್ಕೆ ಏರಿಸಬೇಕು. ಒತ್ತಡ ಇಳಿಸುವ ತಿರುಪೇ ಇಲ್ಲದ ಮಷಿನ್ ಆದರೆ ವಾಕಿಂಗ್ ಫೂಟ್ ಹಾಕಬೇಕು. ಹಿಂದಿನಿಂದ ಕೈಯಲ್ಲಿ ಎಳೆಯುವ ಅಭ್ಯಾಸವನ್ನಂತೂ ಬಿಡಲೇಬೇಕು.

ಅಳತೆ ಸರಿಹೋದ ಮೇಲೂ ಉಳಿದ ಉಬ್ಬು ದಾರದ್ದು. ಮೇಲಿನ ಟೆನ್ಷನ್ನನ್ನು 4ರಿಂದ 2ರ ಹತ್ತಿರಕ್ಕೆ ತಂದರೆ ಸ್ವಲ್ಪ ತಗ್ಗುತ್ತದೆ. ಇನ್ನೂ ಇಳಿಸುತ್ತ ಹೋದರೆ ಮೇಲ್ದಾರ ಅಡಿಯಲ್ಲಿ ಕುಣಿಕೆ ಕುಣಿಕೆಯಾಗಿ ತೂಗುತ್ತದೆ. ಅದು ಕಂಡಲ್ಲಿ ನಿಲ್ಲಿಸಿ ಬಾಬಿನ್ ಕಡೆಗೆ ತಿರುಗಬೇಕು, ಏಕೆಂದರೆ ಸಾಲುಗಳನ್ನು ಎಳೆಯುತ್ತಿರುವುದು ಅದೇ ದಾರ. ಕೇಸಿನ ಸಣ್ಣ ತಿರುಪನ್ನು ಕಾಲು ಸುತ್ತು ಎಡಕ್ಕೆ ಸಡಿಲಿಸಿ ಮತ್ತೊಂದು ಚೂರು ಹೊಲಿದು ನೋಡಿ. ಮೊದಲಿದ್ದ ಜಾಗವನ್ನು ಪೆನ್ನಿನಲ್ಲಿ ಗುರುತಿಸಿಕೊಳ್ಳದಿದ್ದರೆ ಮರುದಿನದ ರವಿಕೆ ಹೊಲಿಗೆ ಕೆಡುತ್ತದೆ. ಇದಕ್ಕೆಂದೇ ಇನ್ನೊಂದು ಬಾಬಿನ್ ಕೇಸ್ ಇಟ್ಟುಕೊಳ್ಳುವುದು ಜಾಣತನ. ಸಡಿಲಿಸುವುದರಿಂದ ಇನ್ನೊಂದು ಲಾಭವಿದೆ: ಪ್ರತಿ ಹೊಲಿಗೆಯಲ್ಲೂ ದಾರ ಹೆಚ್ಚು ಸೇರುವುದರಿಂದ ಬಟ್ಟೆ ಎಳೆದಾಗ ಅಂಚು ಪಟ್ಟನೆ ಹರಿಯುವುದಿಲ್ಲ. ಇಷ್ಟಕ್ಕೂ ಬಗ್ಗದಿದ್ದರೆ ದೋಷ ಸೂಜಿಯದು. ತೆಳು ಬಟ್ಟೆಗೆ 4 ಮಿ.ಮೀ. ಅಂತರ ಜಾಸ್ತಿ. 2.5 ಮಿ.ಮೀ. ಅಂತರದ, 75ನೇ ನಂಬರಿನ ಸ್ಟ್ರೆಚ್ ಜೋಡಿ ಸೂಜಿ ಹಾಕಿದರೆ ಮೇಲೇಳಲು ನಡುವೆ ಬಟ್ಟೆಯೇ ಇರುವುದಿಲ್ಲ. ಹಾಗೆಯೇ ಎರಡೂ ಸೂಜಿಗಳು ಮಡಿಕೆಯ ಎರಡು ಪದರದ ಮೇಲೇ ಬೀಳುತ್ತಿವೆಯೇ ನೋಡಿ. ಒಂದು ಸೂಜಿ ಮಡಿಕೆ ದಾಟಿ ಒಂಟಿ ಪದರಕ್ಕೆ ಇಳಿದರೆ ಆ ಕಡೆ ಬಟ್ಟೆ ಸುಲಭವಾಗಿ ಸುರುಳಿಯಾಗುತ್ತದೆ.

ಅಡಿಗೆ ಇಡುವ ಆಧಾರಗಳಲ್ಲಿ ಪೇಪರನ್ನು ನಾನು ಕೊನೆಗಿಡುತ್ತೇನೆ. ಹಲ್ಲು ಬಟ್ಟೆಯನ್ನು ನೇರ ಕಚ್ಚದಂತೆ ತಡೆದು ಅಲೆ ತಗ್ಗಿಸುತ್ತದೆ ನಿಜ. ಆದರೆ ಹರಿದು ತೆಗೆಯುವಾಗ ಸಡಿಲ ಹೊಲಿಗೆಯೂ ಜೊತೆಗೆ ಜಗ್ಗುತ್ತದೆ. ನ್ಯೂಸ್‌ಪೇಪರ್ ಆದರೆ ಮಸಿಯೂ ಅಂಟುತ್ತದೆ. ನೀರಿನಲ್ಲಿ ಕರಗುವ ಹಾಳೆ ಹೊಲಿಯುವಾಗ ಸೊಗಸು. ಆದರೆ ಟೆನ್ಷನ್ ಸರಿಪಡಿಸದೆ ಅದನ್ನೇ ನಂಬಿದರೆ ಮೊದಲ ಒಗೆತದಲ್ಲಿ ಆಧಾರ ಕರಗಿ, ಅಡಗಿದ್ದ ಉಬ್ಬು ಎದ್ದು ಕೂರುತ್ತದೆ. ನನ್ನ ಮತ ಇಸ್ತ್ರಿಯಲ್ಲಿ ಅಂಟುವ ಹೆಣಿಗೆ ಕ್ಯಾನ್ವಾಸಿಗೆ. ಅದರ ಪಟ್ಟಿಯನ್ನು ಮಡಿಕೆಯಷ್ಟೇ ಅಗಲ ಕತ್ತರಿಸಿ ಒಳಗೆ ಅಂಟಿಸಿದರೆ ಉಬ್ಬಿಗೂ ಅಲೆಗೂ ತಡೆಯಾಗುತ್ತದೆ, ಒಗೆದ ಮೇಲೂ ಉಳಿಯುತ್ತದೆ. ಶರ್ಟಿನ ಕಾಲರಿಗೆ ಹಾಕುವ ನೇಯ್ದ ಕ್ಯಾನ್ವಾಸ್ ಬೇಡ, ಅಂಚು ರಟ್ಟಾಗುತ್ತದೆ.

ಆದರೆ ಯಾವ ಕ್ಯಾನ್ವಾಸ್ ಆದರೂ ಬಟ್ಟೆಯ ಹಿಗ್ಗನ್ನು ಒಂದಿಷ್ಟು ತಿನ್ನುತ್ತದೆ. ಟೀ ಶರ್ಟಿನ ಕೆಳ ಅಂಚು, ಸಡಿಲ ತೋಳು, ಕುರ್ತಾದ ಅಂಚು ಇದನ್ನು ತಾಳಿಕೊಳ್ಳುತ್ತವೆ, ಅಲ್ಲಿ ಜೋಡಿ ಸೂಜಿಯ ಕೆಲಸ ಫ್ಲಾಟ್‌ಲಾಕಿಗೆ ಸಾಟಿಯಾಗಿಯೇ ಕಾಣುತ್ತದೆ. ಲೆಗ್ಗಿಂಗ್ಸಿನ ಕಾಲಂಚು, ತಲೆ ತೂರಿಸುವ ಬಿಗಿ ಕತ್ತು ಹಾಗಲ್ಲ. ಪಾದ ತೂರಿಸುವಾಗ ಅಂಚು ಹಿಗ್ಗುವಷ್ಟು ದಾರ ಬಾಬಿನ್ನಿನ ಅಂಕುಡೊಂಕಿನಲ್ಲಿ ಇಲ್ಲ. ಅಂಥ ಕಡೆ ಒಂಟಿ ಸೂಜಿಯ ಕಿರಿದಾದ ಝಿಗ್‌ಝಾಗ್ ಹೊಲಿಗೆಯೇ ಲೇಸು. ಎರಡು ಸಾಲೇ ಬೇಕೆಂದರೆ ಫ್ಲಾಟ್‌ಲಾಕ್ ಇರುವ ಟೈಲರಿಗೆ ಕೊಟ್ಟುಬಿಡಿ.