‘ವರ ಬೇಕಾಗಿದ್ದಾರೆ’: ಒಂದು ಕಿರುಗದ್ಯದ ವಿಮರ್ಶೆ

ವೃತ್ತಪತ್ರಿಕೆಯ ವಧೂವರರ ಅಂಕಣವನ್ನು ಸಾಹಿತ್ಯದ ವಿದ್ಯಾರ್ಥಿಗಳು ಸಾಮಾನ್ಯವಾಗಿ ವಿಮರ್ಶೆಯ ಕಣ್ಣಿನಿಂದ ಓದುವುದಿಲ್ಲ. ಆದರೆ ಪದಕ್ಕಿಷ್ಟು, ಸಾಲಿಗಿಷ್ಟು ಎಂದು ಹಣ ತೆತ್ತು ಬರೆಯಿಸುವ ಗದ್ಯವಾದುದರಿಂದ ಅದರಲ್ಲಿ ಒಂದೊಂದು ಪದವೂ ತನ್ನ ಇರುವಿಕೆಗೆ ಕಾರಣ ಹೇಳಬೇಕಾಗುತ್ತದೆ. ಪದಗಳು ಈ ಪರೀಕ್ಷೆಯಲ್ಲಿ ಹೇಗೆ ತೇರ್ಗಡೆಯಾಗುತ್ತವೆ ಎಂಬುದನ್ನು ನೋಡಲು ನಾವು ಎರಡು ಮಾದರಿಗಳನ್ನು ರಚಿಸಿಕೊಂಡಿದ್ದೇವೆ. ಎರಡಕ್ಕೂ ವಸ್ತು ಒಂದೇ: ವಿಚ್ಛೇದನ ಪಡೆದ ಮೂವತ್ತಮೂರು ವರ್ಷದ ಮಗಳಿಗೆ ಮತ್ತೊಮ್ಮೆ ವರನನ್ನು ಹುಡುಕುವುದು. ಮೊದಲನೆಯದರಲ್ಲಿ ಈ ಅಂಕಣದಲ್ಲಿ ಬಳಕೆಯಾಗಿ ಸವೆದ ಮಾತುಗಳನ್ನೇ ಜೋಡಿಸಲಾಗಿದೆ:

“ಸಂಪ್ರದಾಯಸ್ಥ, ಗೌರವಾನ್ವಿತ ಕುಟುಂಬದ, ಸುಂದರ, ಸುಶೀಲ, ಗೃಹಕೃತ್ಯನಿಪುಣ, ಎಣ್ಣೆಗೆಂಪು ಬಣ್ಣದ, ನಾಮಮಾತ್ರ ವಿವಾಹವಾಗಿದ್ದ ನಿರ್ದೋಷಿ ವಿಚ್ಛೇದಿತ ವಧುವಿಗೆ ಉತ್ತಮ ಉದ್ಯೋಗದಲ್ಲಿರುವ ದುರಭ್ಯಾಸರಹಿತ ಅನುರೂಪ ವರ ಬೇಕಾಗಿದ್ದಾರೆ. ಉತ್ತಮ ರೀತಿಯಲ್ಲಿ ಮದುವೆ ಮಾಡಿಕೊಡಲಾಗುವುದು.”

ಎರಡನೆಯದನ್ನು ತಾಯಿಯೊಬ್ಬಳು ತಾನೇ ಬರೆದಂತೆ ಭಾವಿಸಿದ್ದೇವೆ:

“ನನ್ನ ಮಗಳಿಗೆ ವರ ಬೇಕಾಗಿದ್ದಾರೆ. ವಯಸ್ಸು 33. ಹಾಸನದ ಪ್ರೌಢಶಾಲೆಯಲ್ಲಿ ಗಣಿತದ ಶಿಕ್ಷಕಿ, ಕೆಲಸ ಬಿಡುವುದಿಲ್ಲ. ಮದುವೆಯಾಗಿ ವಿಚ್ಛೇದನವಾಗಿದೆ, ಮಕ್ಕಳಿಲ್ಲ. ತಾಯಿಯಾದ ನಾನು ಅವಳೊಡನೆ ಇರುತ್ತೇನೆ. ವಿಧುರರೂ ವಿಚ್ಛೇದಿತರೂ ಬರೆಯಬಹುದು.”

ಮೊದಲನೆಯದರಲ್ಲಿ 23 ಪದಗಳು, ಎರಡನೆಯದರಲ್ಲಿ 22. ಖರ್ಚು ಹೆಚ್ಚುಕಡಿಮೆ ಒಂದೇ. ಆದುದರಿಂದ ಸಂಕ್ಷೇಪವೆಂದರೆ ಪದಗಳ ಕೊರತೆಯಲ್ಲವೆಂಬುದು ಮೊದಲ ನೋಟಕ್ಕೇ ತಿಳಿಯುತ್ತದೆ. ಮೊದಲನೆಯದನ್ನು ಓದಿ ಮುಗಿಸಿದವನಿಗೆ ಹುಡುಗಿಯ ವಯಸ್ಸು, ಊರು, ಉದ್ಯೋಗ ಇವು ಯಾವುವೂ ತಿಳಿಯವು. ಅವುಗಳನ್ನು ಕೇಳಲು ಆತ ಕಾಗದ ಬರೆಯಬೇಕು ಅಥವಾ ದೂರವಾಣಿ ಮಾಡಬೇಕು. ಉತ್ತರ ಬಂದ ಮೇಲೆ ಹಿಂಜರಿಯಬೇಕು. ಆ ಹಿಂಜರಿಕೆಯ ನೋವು ಬೀಳುವುದು ಮಗಳ ಮೇಲೆ. ಎರಡನೆಯದು ಒಪ್ಪದವರನ್ನು ಓದುವಾಗಲೇ ಬಿಡಿಸಿಬಿಡುತ್ತದೆ. ಉತ್ತರಗಳು ಕಡಮೆ ಬರಬಹುದು. ಆದರೆ ಬರೆದವರು ಎಲ್ಲವನ್ನೂ ಅರಿತೇ ಬರೆದಿರುತ್ತಾರೆ.

ವ್ಯತ್ಯಾಸದ ಮೂಲ ವಾಕ್ಯರಚನೆಯಲ್ಲಿದೆ. ಮೊದಲನೆಯದರಲ್ಲಿ ‘ವಧುವಿಗೆ’ ಎಂಬ ಪದದ ಹಿಂದೆ ಹನ್ನೆರಡು ಪದಗಳು ವಿಶೇಷಣಗಳಾಗಿ ಸಾಲುಗಟ್ಟಿವೆ. ವಿಶೇಷಣವಾಗಿ ಬಂದದ್ದು ಹೇಳಿಕೆಯಾಗುವುದಿಲ್ಲ, ಮೊದಲೇ ಒಪ್ಪಿಕೊಂಡ ಸಂಗತಿಯಂತೆ ಜಾರಿಹೋಗುತ್ತದೆ. ‘ಅವಳಿಗೆ ವಿಚ್ಛೇದನವಾಗಿದೆ’ ಎಂದರೆ ಓದುಗನು ಅಲ್ಲಿ ಒಂದು ಕ್ಷಣ ನಿಲ್ಲುತ್ತಾನೆ. ‘ನಿರ್ದೋಷಿ ವಿಚ್ಛೇದಿತ ವಧುವಿಗೆ’ ಎಂದರೆ ನಿಲ್ಲುವುದಕ್ಕೆ ಎಡೆಯಿಲ್ಲ. ಹೇಳಲು ಅಳುಕುವ ಮಾತನ್ನು ಸವೆದ ವಿಶೇಷಣಗಳ ನಡುವೆ ಹುದುಗಿಸುವುದೇ ಈ ರಚನೆಯ ಪ್ರಯೋಜನ. ತಾಯಿ ಅದೇ ಸಂಗತಿಯನ್ನು ಪೂರ್ಣಕ್ರಿಯೆಯಿಂದ ಮುಗಿಸಿ ಅಲ್ಲಿ ವಿರಾಮಚಿಹ್ನೆಯನ್ನೂ ಇಟ್ಟಿದ್ದಾಳೆ.

‘ನಿರ್ದೋಷಿ’ ಎಂಬ ಪದವನ್ನು ಇನ್ನೂ ಸ್ವಲ್ಪ ವಿವೇಚಿಸಬೇಕು. ದೋಷವಿಲ್ಲವೆಂದು ತೀರ್ಮಾನಿಸಿದವರು ಯಾರು? 1955ರ ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ಸೇರಿದ 13-ಬಿ ಕಲಮಿನಂತೆ ಗಂಡಹೆಂಡಿರಿಬ್ಬರೂ ಒಪ್ಪಿ ವಿಚ್ಛೇದನ ಪಡೆಯಬಹುದು. ಅಂತಹ ತೀರ್ಪಿನಲ್ಲಿ ತಪ್ಪು ಯಾರದೆಂಬ ವಿಚಾರಣೆಯೇ ಇರುವುದಿಲ್ಲ. ಅಲ್ಲಿ ನ್ಯಾಯಾಲಯ ಹೇಳದ ಮಾತನ್ನು ಜಾಹೀರಾತು ಹೇಳಿದಂತಾಗುತ್ತದೆ. ಅದಕ್ಕಿಂತಲೂ ಅಹಿತವಾದುದೆಂದರೆ, ಈ ಪದ ತನ್ನ ಮಗಳನ್ನು ಎತ್ತಿಹಿಡಿಯುವಾಗ ಉಳಿದ ವಿಚ್ಛೇದಿತೆಯರೆಲ್ಲ ದೋಷಿಗಳೆಂಬ ಊಹೆಯನ್ನು ಒಪ್ಪಿಕೊಂಡುಬಿಡುತ್ತದೆ. ‘ನಾಮಮಾತ್ರ ವಿವಾಹ’ ಎಂಬುದೂ ಇಂತಹುದೇ. ಮಗಳ ಖಾಸಗಿ ಬದುಕಿನ ಬಗೆಗೆ ಸೂಚನೆಯೊಂದನ್ನು ಅದು ಅಪರಿಚಿತರ ಮುಂದಿಡುತ್ತದೆ. ಅದನ್ನು ಕೇಳುವ ಹಕ್ಕು ಪತ್ರಿಕೆಯ ಓದುಗನಿಗಿಲ್ಲ. ಪ್ರಾಮಾಣಿಕತೆ ಎಂದರೆ ಎಲ್ಲವನ್ನೂ ಬಿಚ್ಚಿಡುವುದಲ್ಲ. ಮುಂದಿನ ಸಂಸಾರಕ್ಕೆ ಸಂಬಂಧಿಸಿದ್ದನ್ನು ಮಾತ್ರ ಮರೆಮಾಚದೆ ಹೇಳುವುದು. ತಾಯಿಯ ಬರಹ ವಿಚ್ಛೇದನವನ್ನು ಹೇಳಿ ಅದರ ಕಾರಣವನ್ನು ಬಿಟ್ಟಿರುವುದು ಈ ವಿವೇಕದಿಂದಲೇ.

ಇನ್ನು ‘ಮಾಡಿಕೊಡಲಾಗುವುದು’. ಕರ್ತೃವಿಲ್ಲದ ಈ ಕರ್ಮಣಿ ರೂಪ ಕಚೇರಿಯ ಪ್ರಕಟಣೆಗಳಿಂದ ಬಂದುದು. ಮಾಡಿಕೊಡುವವರು ಯಾರೆಂಬುದೂ, ‘ಉತ್ತಮ ರೀತಿ’ಯ ಅಳತೆ ಎಷ್ಟೆಂಬುದೂ ಇದರಲ್ಲಿ ಮರೆಯಾಗುತ್ತವೆ. ಮರೆಗೆ ಕಾರಣವುಂಟು. ವರದಕ್ಷಿಣೆ ನಿಷೇಧ ಕಾಯಿದೆ 1961ರದು. 1986ರ ತಿದ್ದುಪಡಿಯಿಂದ ಅದಕ್ಕೆ ಸೇರಿದ 4-ಎ ಕಲಮು, ಮಕ್ಕಳ ಮದುವೆಗೆ ಪ್ರತಿಫಲವಾಗಿ ಹಣವನ್ನಾಗಲಿ ಆಸ್ತಿಯ ಪಾಲನ್ನಾಗಲಿ ಜಾಹೀರಾತಿನಲ್ಲಿ ಮುಂದಿಡುವುದನ್ನೇ ಅಪರಾಧವೆಂದು ಮಾಡಿದೆ. ಸಂಖ್ಯೆ ಹೇಳಲಾಗದಿದ್ದಲ್ಲಿ ‘ಉತ್ತಮ’ ಎಂಬ ಗುಣವಾಚಕ ಸಂಖ್ಯೆಯ ಕೆಲಸ ಮಾಡಬಲ್ಲುದು. ಬರೆದವರ ಮನಸ್ಸಿನಲ್ಲಿ ಅಂತಹದು ಇಲ್ಲದಿದ್ದರೂ ಓದುವವರು ಹಾಗೆ ಓದುತ್ತಾರೆ. ಆಸೆಯುಳ್ಳವರು ಅದನ್ನೇ ಹಿಡಿದು ಬರುತ್ತಾರೆ. ತಾಯಿಯ ಬರಹದಲ್ಲಿ ಈ ಮಾತೇ ಇಲ್ಲ.

ಆದರೆ ಎರಡನೆಯದನ್ನು ನಿರ್ದುಷ್ಟವೆಂದು ನಾವು ಹೇಳಲಾರೆವು. ‘ಕೆಲಸ ಬಿಡುವುದಿಲ್ಲ’ ಎಂಬಲ್ಲಿ ಒಂದು ತೊಡಕಿದೆ. ಹೊಸಗನ್ನಡದ ‘-ವುದಿಲ್ಲ’ ಎಂಬ ನಿಷೇಧರೂಪಕ್ಕೆ ಪುರುಷ, ಲಿಂಗ, ವಚನಗಳ ಪ್ರತ್ಯಯವಿಲ್ಲ. ನಾನು ಬಿಡುವುದಿಲ್ಲ, ಅವಳು ಬಿಡುವುದಿಲ್ಲ, ನಾವು ಬಿಡುವುದಿಲ್ಲ ಇವೆಲ್ಲಕ್ಕೂ ರೂಪ ಒಂದೇ. ಹಾಗಾಗಿ ಈ ನಿರ್ಧಾರ ಮಗಳದೋ, ಅವಳ ಸಂಬಳವನ್ನು ನಂಬಿದ ಮನೆಯವರದೋ ಎಂಬ ಸಂಶಯ ಉಳಿಯುತ್ತದೆ. ತಾಯಿ ಜೊತೆಯಲ್ಲಿರುವಳೆಂಬ ಮುಂದಿನ ಮಾತು ಆ ಸಂಶಯವನ್ನು ಬಲಪಡಿಸುತ್ತದೆ. ಹಳೆಯ ನಿಷೇಧರೂಪವಾದ ‘ಬಿಡಳು’ ಎಂಬುದು ಒಂದೇ ಪದದಲ್ಲಿ ಕರ್ತೃವನ್ನು ತೋರಿಸುತ್ತಿತ್ತು. ಆದರೆ ಇಂದಿನ ಪತ್ರಿಕೆಯಲ್ಲಿ ಅದು ಗ್ರಾಂಥಿಕವಾಗಿ ಕೇಳುತ್ತದೆ. ‘ಅವಳು ಕೆಲಸ ಬಿಡುವುದಿಲ್ಲ’ ಎಂದರೆ ಒಂದು ಪದದ ಖರ್ಚಿನಲ್ಲಿ ಮಗಳೇ ಮಾತಿನ ಒಡತಿಯಾಗುತ್ತಾಳೆ. ಇಡೀ ಬರಹದಲ್ಲಿ ಅವಳ ಇಚ್ಛೆಯನ್ನು ತಿಳಿಸುವುದು ಇದೊಂದೇ ವಾಕ್ಯ. ‘ಮಗಳಿಗೆ ವರ ಬೇಕಾಗಿದ್ದಾರೆ’ ಎಂಬ ಚತುರ್ಥಿಯು ಬೇಕೆಂಬುದನ್ನು ವ್ಯಾಕರಣದಲ್ಲಿ ಅವಳದನ್ನಾಗಿ ಮಾಡಿದರೂ, ಅದನ್ನು ಬರೆದವಳು ತಾಯಿ ಎಂಬುದನ್ನು ಮರೆಯಲಾಗದು.

ಇನ್ನೊಂದು ಕೊರತೆ ಜಾತಿಯ ವಿಷಯದ ಮೌನ. ಈ ಅಂಕಣದಲ್ಲಿ ಜಾತಿಯನ್ನು ಹೇಳುವುದು ವಾಡಿಕೆಯಾದುದರಿಂದ ಹೇಳದಿರುವುದು ಎರಡು ಅರ್ಥ ಕೊಡುತ್ತದೆ. ಕಟ್ಟಿಲ್ಲವೆಂದು ಒಬ್ಬರು ತಿಳಿದರೆ, ಕಾಗದ ಬಂದ ಮೇಲೆ ಕೇಳುವರೆಂದು ಮತ್ತೊಬ್ಬರು ತಿಳಿಯುತ್ತಾರೆ. ಮನೆಯವರಿಗೆ ಅದು ನಿಜವಾಗಿಯೂ ಬೇಕಿಲ್ಲವಾದರೆ ‘ಯಾವ ಜಾತಿಯವರಾದರೂ ಸರಿ’ ಎಂದು ಬರೆಯುವುದೇ ಲೇಸು. ಬೇಕಿದ್ದರೆ, ನಮಗೆ ಹಿತವಾಗಲಿ ಆಗದಿರಲಿ, ಅದನ್ನೂ ಹೇಳಿಬಿಡುವುದು ಪ್ರಾಮಾಣಿಕತೆ. ಉದಾರಿಯಂತೆ ಮೌನವಾಗಿದ್ದು, ಬಂದವನನ್ನು ಬಾಗಿಲಲ್ಲಿ ಕುಲ ಕೇಳಿ ಹಿಂದಿರುಗಿಸುವುದು ಸವೆದ ಮಾತಿಗಿಂತ ಕೆಟ್ಟದ್ದು.

ಈ ಎರಡು ತಿದ್ದುಪಾಟುಗಳಿಂದ ತಾಯಿಯ ಬರಹ 26 ಪದಗಳಾಗುತ್ತದೆ, ಮೊದಲನೆಯದಕ್ಕಿಂತ ಮೂರು ಹೆಚ್ಚು. ಆ ಮೂರು ಪದಗಳ ಹಣವನ್ನು ಉಳಿಸಬಾರದೆಂಬುದು ನಮ್ಮ ಅಭಿಪ್ರಾಯ. ಸುಂದರ, ಸುಶೀಲ, ಅನುರೂಪ ಎಂಬ ಪದಗಳನ್ನು ಯಾವ ಮನೆಯ ಮಗಳ ಜಾಹೀರಾತಿಗೆ ಸೇರಿಸಿದರೂ ಹೊಂದಿಕೊಳ್ಳುತ್ತವೆ. ಆದುದರಿಂದಲೇ ಅವು ಯಾರನ್ನೂ ಕುರಿತು ಏನನ್ನೂ ಹೇಳುವುದಿಲ್ಲ. ‘ಗಣಿತದ ಶಿಕ್ಷಕಿ’ ಎಂಬುದು ಪಕ್ಕದ ಜಾಹೀರಾತಿಗೆ ಹೊಂದದು. ತರಗತಿಯಲ್ಲಿ ಸಂಕ್ಷೇಪಲೇಖನವನ್ನು ಕಲಿಸುವ ಅಧ್ಯಾಪಕರು ಒಂದು ದಿನ ಈ ಅಂಕಣವನ್ನು ಮುಂದಿಟ್ಟು, ಪಕ್ಕದ ಜಾಹೀರಾತಿಗೆ ವರ್ಗಾಯಿಸಬಹುದಾದ ಪದಗಳನ್ನೆಲ್ಲ ಹೊಡೆದುಹಾಕುವಂತೆ ವಿದ್ಯಾರ್ಥಿಗಳಿಗೆ ಹೇಳಲಿ. ಉಳಿದ ಪದಗಳಲ್ಲಿ ಒಬ್ಬ ಮಗಳು ಕಾಣುವಳೋ ಇಲ್ಲವೋ ಎಂಬುದನ್ನು ಅವರೇ ನೋಡುವರು.