ಹೆಸರಿಡದ ಕಥೆಯೊಂದರ ವಯಸ್ಸಿನ ಕಾಲಂ

ಆಳಂದ ತಾಲೂಕಿನ ಯುವಕನೊಬ್ಬ ಬರೆದ ಕಥೆಯೊಂದು ಕೆಲವು ವಾರಗಳಿಂದ ನನ್ನ ಮೇಜಿನ ಮೇಲಿದೆ. ಎಲ್ಲೂ ಅಚ್ಚಾಗಿಲ್ಲ, ಹೆಸರನ್ನೂ ಇಟ್ಟಿಲ್ಲ. ಗೆರೆ ಹಾಳೆಯಲ್ಲಿ ಕೈಬರಹದ ಹದಿನಾರು ಪುಟ. ಓದಿ ಹೇಳಿ ಎಂದು ಕೊಟ್ಟವನಿಗೆ ಖಾಸಗಿಯಾಗಿ ನಾಲ್ಕು ಮಾತು ಹೇಳಿ ಮುಗಿಸಬಹುದಿತ್ತು. ಆದರೆ ಈ ಕಥೆಯಲ್ಲಿ ಎದ್ದ ಪ್ರಶ್ನೆ ಅವನೊಬ್ಬನದಲ್ಲ. ಗುಳೆಯ ಬಗ್ಗೆ ಬರೆಯುವ ನಮ್ಮ ಭಾಗದ ಎಲ್ಲರೂ ಎದುರಿಸಬೇಕಾದದ್ದು. ಅದಕ್ಕೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಕಥೆ ನಡೆಯುವುದು 2020ರ ಮೇ ತಿಂಗಳಲ್ಲಿ. ಲಾಕ್‌ಡೌನ್‌ನಿಂದಾಗಿ ಮುಂಬಯಿ, ಪುಣೆ, ಸೋಲಾಪುರಗಳಲ್ಲಿ ಸಿಕ್ಕಿಬಿದ್ದಿದ್ದ ಕಲಬುರಗಿ ಸೀಮೆಯ ಜನ ಬಸ್ಸಿನಲ್ಲಿ, ಟೆಂಪೋದಲ್ಲಿ, ನಡೆದುಕೊಂಡೂ ಮರಳುತ್ತಿದ್ದಾರೆ. ಆಳಂದ–ಉಮರಗಾ ರಸ್ತೆಯಲ್ಲಿ ಗಡಿಯ ಹತ್ತಿರದ ಒಂದು ಸರ್ಕಾರಿ ಶಾಲೆಯ ವರಾಂಡದಲ್ಲಿ ಮೇಜು ಹಾಕಿಕೊಂಡು ಒಬ್ಬ ಎಸ್‌ಡಿಎ ಕೂತಿದ್ದಾನೆ. ಅವನ ಮುಂದೆ ಮೂರು ರಿಜಿಸ್ಟರ್: ಆಳಂದ, ಅಫಜಲಪುರ, ಜೇವರ್ಗಿ. ಬಂದವರನ್ನು ತಾಲೂಕಿಗೆ ತಕ್ಕಂತೆ ಬರೆದುಕೊಂಡು, ಆಯಾ ಕಡೆಯ ಕ್ವಾರಂಟೈನ್ ಕೇಂದ್ರಕ್ಕೆ ಕಳಿಸುವುದು ಅವನ ಕೆಲಸ. ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಊರು, ಎಲ್ಲಿಂದ ಬಂದರು, ಮೊಬೈಲ್ ಸಂಖ್ಯೆ, ಆಧಾರ್, ಕೊನೆಗೆ ಸಹಿ ಇಲ್ಲವೇ ಹೆಬ್ಬೆಟ್ಟು. ಹೀಗೆ ಬರೆಯುತ್ತಾ ಬರೆಯುತ್ತಾ ಪ್ರತಿ ಹೆಸರಿನ ಹಿಂದೆಯೂ ಒಂದು ಕಥೆ ಇದೆ ಎಂದು ಅವನಿಗೆ ನಿಧಾನವಾಗಿ ಹೊಳೆಯುತ್ತದೆ. ಕಥೆಯ ವಸ್ತು ಇಷ್ಟೇ.

ಮೊದಲ ನಾಲ್ಕು ಪುಟ ಓದಿದಾಗ ಇವನು ನಿಜವಾಗಿ ರಿಜಿಸ್ಟರ್ ಮುಂದೆ ಕೂತವನು ಎಂದು ನನಗೆ ಖಾತ್ರಿಯಾಯಿತು. ಕಾರಣ, ಊರು ಯಾವುದೆಂದು ಕೇಳುವ ಮೊದಲೇ ಗುಮಾಸ್ತ ಹೆಸರಿನಿಂದ ತಾಲೂಕನ್ನು ಊಹಿಸಲು ಶುರುಮಾಡುತ್ತಾನೆ. ಭಾಗಪ್ಪ, ಭಾಗಮ್ಮ ಎಂದರೆ ಘತ್ತರಗಿ ಭಾಗ್ಯವಂತಿಯ ಹರಕೆ, ಆದ್ದರಿಂದ ಅಫಜಲಪುರ. ದತ್ತಪ್ಪ ಎಂದರೆ ಗಾಣಗಾಪುರ, ಅದೂ ಅಫಜಲಪುರವೇ. ಲಾಡ್ಲೇಸಾಬ ಎಂದರೆ ಆಳಂದದ ದರ್ಗಾ. ಮಡಿವಾಳಪ್ಪ ಎಂದರೆ ಕಡಕೋಳ, ಹಾಗಾಗಿ ಜೇವರ್ಗಿ ಕಡೆ. ಬಂದವರು ಊರು ಹೇಳುವ ಮೊದಲೇ ಅವನ ಕೈ ಯಾವುದೋ ಒಂದು ರಿಜಿಸ್ಟರಿನ ಕಡೆ ಸರಿದಿರುತ್ತದೆ. ನಮ್ಮ ಸೀಮೆಯಲ್ಲಿ ಹೆಸರು ಎಂಬುದು ತಾಯಿ ಯಾವ ಗುಡಿಯ ಮುಂದೆ, ಯಾವ ಗದ್ದುಗೆಯ ಮುಂದೆ ಸೆರಗೊಡ್ಡಿದಳು ಎಂಬುದರ ದಾಖಲೆ. ಹಿಂದೂಗಳಲ್ಲಿ ಖಾಜಪ್ಪ, ಹುಸೇನಪ್ಪ, ಮೌಲಪ್ಪ ಇರುವುದೂ ಇದರಿಂದಲೇ. ಕಥೆಗಾರ ಇದನ್ನು ಎಲ್ಲೂ ವಿವರಿಸುವುದಿಲ್ಲ. ಗುಮಾಸ್ತನ ಕೈ ಚಲಿಸುವುದನ್ನಷ್ಟೇ ತೋರಿಸುತ್ತಾನೆ. ಹಾಗೇ ಒಮ್ಮೆ ಊಹೆ ತಪ್ಪುತ್ತದೆ. ಮಡಿವಾಳಪ್ಪನೊಬ್ಬ ಆಳಂದದವನು. ತಾಯಿಯ ತವರು ಕಡಕೋಳದ ಹತ್ತಿರ, ಚೊಚ್ಚಲ ಹೆರಿಗೆ ಅಲ್ಲಾದದ್ದು. ಬರೆದ ಹೆಸರನ್ನು ಹೊಡೆದು ಇನ್ನೊಂದು ರಿಜಿಸ್ಟರಿಗೆ ಬರೆಯುವಾಗ ಗುಮಾಸ್ತ ಮೊದಲ ಬಾರಿಗೆ ತಲೆ ಎತ್ತಿ ಎದುರಿಗಿದ್ದವನ ಮುಖ ನೋಡುತ್ತಾನೆ. ಕಚೇರಿಯ ಒಂದು ಸಣ್ಣ ತಪ್ಪು ಅವನ ತಲೆ ಎತ್ತಿಸಿತು. ಇದು ಒಳ್ಳೆಯ ಕಥೆಗಾರಿಕೆ.

ತಿಪ್ಪಣ್ಣನ ಪ್ರಸಂಗವೂ ಹೀಗೇ ಬಂದಿದೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ಆ ಹೆಸರಿಡುವುದು ನಮಗೆಲ್ಲ ಗೊತ್ತು. ಒಂದೇ ಟೆಂಪೋದಲ್ಲಿ ಬಂದ ಮೂವರು ತಿಪ್ಪಣ್ಣರನ್ನು ಗುಮಾಸ್ತ ಒಂದರ ಕೆಳಗೊಂದು ಬರೆಯುತ್ತಾನೆ. ಅಷ್ಟೇ. ಆ ಮೂರು ಸಾಲಿನ ಹಿಂದೆ ಸತ್ತ ಕೂಸುಗಳೆಷ್ಟು ಎಂಬ ಲೆಕ್ಕವನ್ನು ಓದುಗರಿಗೇ ಬಿಟ್ಟಿದ್ದಾನೆ.

ಈಗ ವಯಸ್ಸಿನ ಕಾಲಮ್ಮಿಗೆ ಬರುತ್ತೇನೆ. ಈ ಕಥೆಯ ಅತ್ಯುತ್ತಮ ಭಾಗ ಅಲ್ಲಿದೆ.

ವಯಸ್ಸನ್ನು ಬಾಯಿಮಾತಿನಲ್ಲಿ ಕೇಳಿ ಬರೆದ ಯಾವ ಹಳ್ಳಿಯ ಪಟ್ಟಿಯನ್ನು ತೆರೆದರೂ 30, 35, 40, 45, 60 ಎಂದೇ ಹೆಚ್ಚು ಕಾಣುತ್ತದೆ. ಹುಟ್ಟಿದ ತಾರೀಖು ಬರೆದಿಟ್ಟವರಿಲ್ಲದಾಗ ಜನ ಹತ್ತಿರದ ಐದಕ್ಕೋ ಹತ್ತಕ್ಕೋ ಹೇಳುತ್ತಾರೆ. ಜನಗಣತಿಯವರು ಇದನ್ನು ಬಹಳ ಹಿಂದೆಯೇ ಗುರುತಿಸಿದ್ದಾರೆ. ದಾಖಲೆ ಇಲ್ಲದವರಿಗೆ ಆಧಾರ್‌ನಲ್ಲಿ ಅಂದಾಜಿನ ವರ್ಷ ಹಾಕಿ ಜನವರಿ 1 ಎಂದು ತುಂಬಿರುವುದೂ ಸಾಮಾನ್ಯ. ಆದ್ದರಿಂದ ಗುಳೆಯ ಕಥೆಯೊಂದರಲ್ಲಿ ಪಾತ್ರಗಳ ವಯಸ್ಸು 27, 34, 41 ಎಂದು ಚೊಕ್ಕವಾಗಿದ್ದರೆ ಬರೆದವರು ಆ ಮೇಜಿನ ಬಳಿ ಕೂತಿಲ್ಲ ಎಂದು ನಾನು ತಿಳಿಯುತ್ತೇನೆ. ಈ ಹುಡುಗನ ಗುಮಾಸ್ತ ಮಾತ್ರ ಇಡೀ ಬೆಳಿಗ್ಗೆ ಐದು ಮತ್ತು ಸೊನ್ನೆಯಲ್ಲಿ ಮುಗಿಯುವ ವಯಸ್ಸುಗಳನ್ನೇ ಬರೆಯುತ್ತಾನೆ. ಒಂದು ಕಡೆ ಬೇಸತ್ತು, ಇವರೆಲ್ಲ ಒಂದೇ ದಿನ ಹುಟ್ಟಿದರೇನು ಎಂದುಕೊಳ್ಳುತ್ತಾನೆ.

ಆಮೇಲೆ ಭಾಗಮ್ಮ ಬರುತ್ತಾಳೆ. ಕಾರ್ಡಿನಲ್ಲಿ 01-01-1975 ಇದೆ. ಗುಮಾಸ್ತ 45 ಎಂದು ಬರೆದು ಮುಂದಿನ ಕಾಲಮ್ಮಿಗೆ ಹೋಗುವಾಗ ಅವಳು ತಡೆಯುತ್ತಾಳೆ. "ಅದು ಖರೇ ಅಲ್ರಿ ಸಾಹೇಬ್ರ. ಎಪ್ಪತ್ತೆರಡರ ಬರಕ ನಮ್ಮವ್ವ ಕಲ್ಲ ಒಡಿಲಾಕ ಹೋಗಿದ್ಳಂತ. ಅಲ್ಲೇ ರಸ್ತಾದ ಮ್ಯಾಲ ನಾ ಹುಟ್ಟಿದ್ದು." ಗುಮಾಸ್ತ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾನೆ. 2020ರಲ್ಲಿ 1972 ಕಳೆದರೆ 48. ಕಾರ್ಡಿನಂತೆಯೇ ಬರೆಯಬೇಕೆಂಬುದು ಮೇಲಿನವರ ಸೂಚನೆ. ಅವನು 45ನ್ನು ಹಾಗೇ ಬಿಟ್ಟು, ಅಂಚಿನಲ್ಲಿ ಪೆನ್ಸಿಲ್ಲಿನಿಂದ ಸಣ್ಣದಾಗಿ 48 ಎಂದು ಬರೆಯುತ್ತಾನೆ. ಇಡೀ ಪುಟದಲ್ಲಿ ಐದು, ಸೊನ್ನೆಯಲ್ಲಿ ಮುಗಿಯದ ವಯಸ್ಸು ಅದೊಂದೇ.

ಈ ಒಂದು ಅಂಕಿಯಲ್ಲಿ ಏನೆಲ್ಲ ಸೇರಿದೆ ನೋಡಿ. ಅಕ್ಷರ ಬಾರದ ಹೆಣ್ಣುಮಗಳ ನೆನಪು ಸರ್ಕಾರದ ಕಾರ್ಡಿಗಿಂತ ಕರಾರುವಾಕ್ಕಾಗಿದೆ, ಏಕೆಂದರೆ ಅವಳ ಹುಟ್ಟನ್ನು ಬರಗಾಲ ಗುರುತು ಹಾಕಿಟ್ಟಿದೆ. ತಾಯಿ ಬರದ ಕಾಮಗಾರಿಯಲ್ಲಿ ಕಲ್ಲು ಒಡೆದಳು. ಮಗಳು ಮುಂಬಯಿಯಲ್ಲಿ ಗಿಲಾಯಿ ಕೆಲಸಕ್ಕೆ ಸಿಮೆಂಟು ಹೊತ್ತಳು. ತಾಯಿಯ ಹೆಸರೂ ಆಗ ಯಾವುದೋ ಮಸ್ಟರ್ ರೋಲಿನಲ್ಲಿ ಇದ್ದಿರಬೇಕು. ಎರಡು ತಲೆಮಾರು, ಎರಡು ಪಟ್ಟಿ. ಇದನ್ನೆಲ್ಲ ಕಥೆಗಾರ ಹೇಳಿಲ್ಲ, ನಾನು ಹೇಳುತ್ತಿದ್ದೇನೆ. ಹೇಳದೆ ಬಿಟ್ಟದ್ದೇ ಅವನ ಶಕ್ತಿ. ಅಂಚಿನ ಪೆನ್ಸಿಲ್ ಗುರುತು ಗುಮಾಸ್ತನ ಒಳಗಿನ ಬದಲಾವಣೆಯನ್ನೂ ಪೂರ್ತಿ ಹೇಳಿಬಿಡುತ್ತದೆ. ನಿಯಮ ಮೀರುವ ಧೈರ್ಯ ಅವನಿಗಿಲ್ಲ, ಸುಳ್ಳನ್ನು ಸುಮ್ಮನೆ ಬಿಡುವ ಮನಸ್ಸೂ ಈಗಿಲ್ಲ. ಹೊರಡುವಾಗ ಭಾಗಮ್ಮ ಅವನನ್ನು ಸಾಹೇಬ್ರ ಎನ್ನದೆ "ಬರ್ತೀನಿ ತಮ್ಮಾ" ಎನ್ನುತ್ತಾಳೆ. ಆ ಒಂದು ಸಂಬೋಧನೆ ಸಾಕು.

ಇಲ್ಲಿಗೆ ಕಥೆ ಒಂಬತ್ತನೆಯ ಪುಟದಲ್ಲಿದೆ. ಉಳಿದ ಏಳು ಪುಟಗಳ ಬಗ್ಗೆ ನನಗೆ ದುಃಖವಿದೆ.

ಮುಂದೆ ಐದು ಜನ ಒಬ್ಬರ ಹಿಂದೊಬ್ಬರು ಬಂದು ತಮ್ಮ ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ. ಕಬ್ಬು ಕಡಿಯಲು ಮುಕಾದಮನಿಂದ ಮುಂಗಡ ತೆಗೆದುಕೊಂಡು ಸಿಕ್ಕಿಬಿದ್ದವ, ಹೋಟೆಲಿನ ಮಾಣಿ, ಇಟ್ಟಂಗಿ ಭಟ್ಟಿಯ ಕೂಲಿಯವ, ತಾಂಡಾದ ಮುದುಕಿ, ಗಂಡ ಬಿಟ್ಟುಹೋದ ಬಾಣಂತಿ. ಒಬ್ಬೊಬ್ಬರಿಗೆ ಒಂದೊಂದು ಪುಟ. ಬಿಸಿಲಲ್ಲಿ ಸಾಲು ನಿಂತಿರುವಾಗ, ಹಿಂದೆ ಇನ್ನೂರು ಜನ ನೂಕುತ್ತಿರುವಾಗ ಯಾರೂ ಹೀಗೆ ಮಾತಾಡುವುದಿಲ್ಲ. ಗುಮಾಸ್ತನ ಮುಂದೆ ಜನ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಾರೆ, ಅದೂ ಅಳುಕುತ್ತಾ. ಜೊತೆಗೆ ಇಲ್ಲಿ ಭಾಷೆಯೂ ಕೈಕೊಟ್ಟಿದೆ. ಭಾಗಮ್ಮನ ಬಾಯಲ್ಲಿದ್ದ ಕಲಬುರಗಿ ಮಾತು ಮಾಯವಾಗಿ, ಹತ್ತು ವರ್ಷ ಧಾರಾವಿಯಲ್ಲಿದ್ದ ಮಾಣಿ ಪಠ್ಯಪುಸ್ತಕದ ಕನ್ನಡದಲ್ಲಿ ಉದ್ದುದ್ದ ವಾಕ್ಯ ಆಡುತ್ತಾನೆ. ಅವನ ಮಾತಿನಲ್ಲಿ ಒಂದು ಮರಾಠಿ ಪದವೂ ಇಲ್ಲ, ಹಿಂದಿಯೂ ಇಲ್ಲ. ಇದೇ ಕಲಬುರಗಿಯ ಬಡವರ ಮಾತನ್ನು ಗೀತಾ ನಾಗಭೂಷಣ 'ಬದುಕು' ಕಾದಂಬರಿಯಲ್ಲಿ ಹೇಗೆ ನಿಭಾಯಿಸಿದ್ದಾರೆಂದು ಅವನು ಮತ್ತೊಮ್ಮೆ ನೋಡಬೇಕು.

ಕೊನೆಯಲ್ಲಿ ಗುಮಾಸ್ತ ಪೆನ್ನು ಕೆಳಗಿಟ್ಟು ಕಣ್ಣೀರು ಒರೆಸಿಕೊಂಡು, ಪ್ರತಿ ಹೆಸರೂ ಒಂದು ಕಥೆ ಎಂದುಕೊಳ್ಳುತ್ತಾನೆ. 48 ಎಂಬ ಅಂಕಿ ಆಗಲೇ ಹೇಳಿ ಮುಗಿಸಿದ್ದನ್ನು ಇದು ಬಾಯಿಬಿಟ್ಟು ಹೇಳುತ್ತದೆ.

ಪೋರ್ಚುಗಲ್‌ನ ಜೋಸೆ ಸರಮಾಗೊ 1997ರಲ್ಲಿ ಇದೇ ಜಾತಿಯ ಕಾದಂಬರಿಯೊಂದನ್ನು ಪ್ರಕಟಿಸಿದ. ಇಂಗ್ಲಿಷಿನಲ್ಲಿ ಅದರ ಹೆಸರು 'ಆಲ್ ದಿ ನೇಮ್ಸ್', ಅಂದರೆ ಎಲ್ಲ ಹೆಸರುಗಳು. ಜನನ ಮರಣ ನೋಂದಣಿ ಕಚೇರಿಯ ಗುಮಾಸ್ತನೊಬ್ಬನಿಗೆ ಅಕಸ್ಮಾತ್ತಾಗಿ ಅಪರಿಚಿತ ಹೆಂಗಸೊಬ್ಬಳ ಕಾರ್ಡು ಸಿಗುತ್ತದೆ, ಅವನು ಅವಳನ್ನು ಹುಡುಕಿಕೊಂಡು ಹೊರಡುತ್ತಾನೆ. ಎಲ್ಲ ಹೆಸರುಗಳು ಎಂಬ ಕಾದಂಬರಿಯಲ್ಲಿ ಹೆಸರಿರುವುದು ಗುಮಾಸ್ತನಿಗೆ ಮಾತ್ರ. ಸಾವಿರಾರು ಕಾರ್ಡುಗಳ ಭಾರವನ್ನು ಓದುಗರಿಗೆ ಮುಟ್ಟಿಸಲು ಒಬ್ಬಳ ಕಾರ್ಡು ಸಾಕಾಯಿತು. ನಮ್ಮ ಹುಡುಗನಿಗೂ ಒಬ್ಬಳು ಸಿಕ್ಕಿದ್ದಳು. ಅವಳನ್ನು ಕಳಿಸಿಬಿಟ್ಟು ಐದು ಜನರನ್ನು ಕರೆದ.

ಇನ್ನೂ ಒಂದು ಕೊರತೆ ನನಗೆ ಹೆಚ್ಚು ಗಂಭೀರವಾಗಿ ಕಾಣುತ್ತದೆ. ಗುಮಾಸ್ತನ ಮರುಕವನ್ನು ಕಥೆ ಮೆಚ್ಚಿಕೊಳ್ಳುತ್ತದೆ, ಅವನ ಬರವಣಿಗೆಯಿಂದ ಬೇರೆಯವರಿಗೆ ಏನಾಯಿತು ಎಂದು ಕೇಳುವುದಿಲ್ಲ. ಆರನೆಯ ಪುಟದಲ್ಲಿ ಒಂದು ಸಾಲು ಇದೆ: ಆ ದಿನ ಜೇವರ್ಗಿ ರಿಜಿಸ್ಟರಿನಲ್ಲಿ ಆರು ಜನ ಶರಣಬಸಪ್ಪರು. ಅರಳಗುಂಡಗಿ ಶರಣಬಸವೇಶ್ವರರು ಹುಟ್ಟಿದ ಊರು. ಆ ಕಡೆ ಈ ಹೆಸರಿಗೆ ಬರವಿಲ್ಲ. ತಂದೆಯ ಹೆಸರೂ ಒಂದೇ ಆದರೆ ಅಡ್ಡಹೆಸರು ಕೇಳಬೇಕು. ಅಡ್ಡಹೆಸರು ಬರೆಯಲು ಕಾಲಂ ಇಲ್ಲ. ಮುಂಬಯಿಯಲ್ಲಿ ಮಾಡಿಸಿದ ಕಾರ್ಡಿನಲ್ಲಿ ಅಡ್ಡಹೆಸರು ಇರುತ್ತದೆ, ಊರಲ್ಲಿ ಮಾಡಿಸಿದ್ದರಲ್ಲಿ ಇರದೇ ಹೋಗಬಹುದು. ಹೀಗಿರುವಾಗ ಗಂಟಲು ದ್ರವದ ವರದಿ ಬಂದರೆ ಅದು ಯಾವ ಶರಣಬಸಪ್ಪನದು? ಪಡಿತರ ಚೀಟಿ ಇಲ್ಲದ ವಲಸಿಗರಿಗೆ ಆ ಮೇ, ಜೂನ್‌ನಲ್ಲಿ ತಲೆಗೆ 5 ಕೆಜಿ ಧಾನ್ಯ ಘೋಷಣೆಯಾಗಿತ್ತು. ಆರು ಹೆಸರು ಐದಾದರೆ ಯಾರ ಪಾಲು ಹೋಯಿತು? ಇವು ಗುಮಾಸ್ತ ತಡರಾತ್ರಿ ಎದ್ದು ಕೂರುವಂಥ ಪ್ರಶ್ನೆಗಳು. ಕಥೆಗಾರ ಆ ಸಾಲನ್ನು ಬರೆದು ದಾಟಿಹೋಗಿದ್ದಾನೆ.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ಲಾಕ್‌ಡೌನಿನ ವೇಳೆ ಊರಿಗೆ ಮರಳುತ್ತಾ ಸತ್ತ ವಲಸೆ ಕಾರ್ಮಿಕರ ಅಂಕಿಅಂಶ ತನ್ನ ಬಳಿ ಇಲ್ಲವೆಂದು ಕೇಂದ್ರ ಕಾರ್ಮಿಕ ಸಚಿವಾಲಯ ಸಂಸತ್ತಿಗೆ ತಿಳಿಸಿತು. ಹೋಗುವಾಗ ಯಾರೂ ಬರೆದುಕೊಳ್ಳದ ಜನ ಇವರು. ಐದು ಅಥವಾ ಹೆಚ್ಚು ಮಂದಿಯನ್ನು ಬೇರೆ ರಾಜ್ಯಕ್ಕೆ ಒಯ್ಯುವ ಗುತ್ತಿಗೆದಾರ ಪ್ರತಿಯೊಬ್ಬರಿಗೂ ಫೋಟೊ ಅಂಟಿಸಿದ ಪಾಸ್‌ಬುಕ್ ಕೊಡಬೇಕೆಂದು 1979ರ ಕಾಯ್ದೆ ಹೇಳಿತ್ತು. ಕಥೆಯ ಹದಿನಾರು ಪುಟಗಳಲ್ಲಿ ಒಬ್ಬರ ಕೈಯಲ್ಲೂ ಅಂಥ ಪಾಸ್‌ಬುಕ್ ಇಲ್ಲ. ಆದ್ದರಿಂದ ಆ ವರಾಂಡದ ಮೂರು ರಿಜಿಸ್ಟರುಗಳಲ್ಲಿ ಹೆಸರು ಸರಿಯಾಗಿ ಬೀಳುವುದು, ತಪ್ಪಾಗಿ ಬೀಳುವುದು ಸಣ್ಣ ಸಂಗತಿಯಲ್ಲ. ಗುಮಾಸ್ತ ಒಳ್ಳೆಯವನೋ ಅಲ್ಲವೋ ಎಂಬುದಕ್ಕಿಂತ ಅವನು ಸರಿಯಾಗಿ ಬರೆದನೋ ಇಲ್ಲವೋ ಎಂಬುದು ಆ ಜನರಿಗೆ ದೊಡ್ಡದು.

ಆ ತಮ್ಮನಿಗೆ ನನ್ನ ಮಾತು ಇಷ್ಟು. ಐದು ಜನರ ಪುಟಗಳನ್ನು ತೆಗೆದುಹಾಕು. ಕಣ್ಣೀರಿನ ಕೊನೆಯನ್ನೂ ತೆಗೆ. ಆರು ಶರಣಬಸಪ್ಪರ ಬಳಿಗೆ ಮರಳಿ ಹೋಗು, ಅವರಲ್ಲಿ ಒಬ್ಬನ ವರದಿ ಇನ್ನೊಬ್ಬನಿಗೆ ಹೋದರೆ ನಿನ್ನ ಗುಮಾಸ್ತ ಏನು ಮಾಡುತ್ತಾನೆ ಎಂದು ಬರೆ. ಭಾಗಮ್ಮನನ್ನು ಕೊನೆಗೆ ತಾ. ಪೆನ್ಸಿಲ್ಲಿನ 48 ಅಂಚಿನಲ್ಲಿ ಹಾಗೇ ಇರಲಿ, ಅಲ್ಲಿಗೆ ಕಥೆ ನಿಲ್ಲಿಸು. ಬರೆದು ಮುಗಿದ ಮೇಲೆ ಮತ್ತೆ ಕಳಿಸು, ಓದುತ್ತೇನೆ.